ಕ್ಲಿನಿಕ್ಕಿಗೆ ಹೆಸರಿಡುವಾಗ: ಬೋರ್ಡಿನ ಅಂಗಡಿಯಲ್ಲಿ ಕಲಿತ ಪಾಠಗಳು

ಶಿವಮೊಗ್ಗದಲ್ಲಿ ನನ್ನದು ಬೋರ್ಡು ಮಾಡುವ ಅಂಗಡಿ. ಎನಾಮಲ್ ಬಣ್ಣ, ಬ್ರಶ್ಶುಗಳ ಕಾಲ ಹೋಗಿ ಎಸಿಪಿ ಶೀಟು, ಎಲ್‌ಇಡಿ ಅಕ್ಷರ ಬಂದಿವೆ. ಆದರೆ ಕ್ಲಿನಿಕ್ ತೆರೆಯುವ ವೈದ್ಯರು ಬರುವ ಹೊತ್ತು ಮಾತ್ರ ಬದಲಾಗಿಲ್ಲ. ಬಾಡಿಗೆ ಕರಾರು ಆಗಿರುತ್ತದೆ, ಗೋಡೆಗೆ ಬಣ್ಣ ಬಳಿದಾಗಿರುತ್ತದೆ, ಪೂಜೆಗೆ ವಾರವಿರುವಾಗ ಹೆಸರಿನ ಮಾತು ಶುರುವಾಗುತ್ತದೆ. ಬೇಕರಿಗೋ ಬಟ್ಟೆ ಅಂಗಡಿಗೋ ಆದರೆ ಆ ಅವಸರದಲ್ಲೇ ಏನೋ ಒಂದು ಹೆಸರು ಒಪ್ಪವಾಗಿ ಬಂದುಬಿಡುತ್ತದೆ. ಕ್ಲಿನಿಕ್ಕಿನ ಹೆಸರನ್ನು ಓದುವವರು ಮೈ ಸರಿಯಿಲ್ಲದವರು, ಇಲ್ಲವೇ ಜ್ವರ ಬಂದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದವರು. ಅವರು ಅದನ್ನು ಹೆಸರೆಂದು ಮಾತ್ರ ಓದುವುದಿಲ್ಲ, ವೈದ್ಯರು ಕೊಟ್ಟ ಮಾತೆಂದೂ ಓದುತ್ತಾರೆ. ಹಾಗಾಗಿ ಯಾವ ಮಾತು ಕೊಡಬಹುದು, ಯಾವುದು ಕೊಡಬಾರದು ಎಂದು ವೈದ್ಯರ ಜೊತೆ ಕೂತು ಮಾತಾಡದೆ ನಾನು ಈಗ ಕ್ಲಿನಿಕ್ಕಿನ ಬೋರ್ಡಿಗೆ ಕೈ ಹಾಕುವುದಿಲ್ಲ.

1. ಮೊದಲು ವೈದ್ಯರ ಹೆಸರನ್ನೇ ತೂಗಿ ನೋಡಿ

ಬಡಾವಣೆಯ ಜನ ಕ್ಲಿನಿಕ್ಕನ್ನು ಬೋರ್ಡಿನ ಹೆಸರಿನಿಂದ ಕರೆಯುವುದು ಕಡಿಮೆ. ‘ಶೆಟ್ರ ಕ್ಲಿನಿಕ್’, ‘ಮಕ್ಕಳ ಡಾಕ್ಟ್ರು’, ‘ವಾಟರ್ ಟ್ಯಾಂಕ್ ಹತ್ರದ ಲೇಡಿ ಡಾಕ್ಟ್ರು’ ಎಂದೇ ರೂಢಿಯಾಗುತ್ತದೆ. ಒಬ್ಬರೇ ವೈದ್ಯರಿದ್ದು, ಅದೇ ಊರಲ್ಲಿ ಬಹುಕಾಲ ಇರುವವರಾದರೆ ಅವರ ಹೆಸರಿಗಿಂತ ನಂಬಿಕೆಯ ಹೆಸರು ಬೇರೆ ಇಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಕೇಳಲು ಒಬ್ಬ ಮನುಷ್ಯರಿದ್ದಾರೆ ಎಂಬುದನ್ನು ಅದು ನೇರವಾಗಿ ಹೇಳುತ್ತದೆ. ಕೈಗುಣದ ಮಾತನ್ನು ಜನ ತಾವಾಗಿ ಆ ಹೆಸರಿಗೆ ಸೇರಿಸಿಕೊಳ್ಳುತ್ತಾರೆ. ಅದು ಅವರ ಬಾಯಲ್ಲಿ ಬರಬೇಕು, ಬೋರ್ಡಿನಲ್ಲಿ ಬರೆಯುವಂಥದ್ದಲ್ಲ.

ಬೇರೆ ಹೆಸರು ಬೇಕಾಗುವುದು ಮೂರು ಸಂದರ್ಭಗಳಲ್ಲಿ: ಇಬ್ಬರು ಮೂವರು ವೈದ್ಯರು ಸೇರಿ ಕೂರುವಾಗ, ಮುಂದೆ ಇನ್ನೊಬ್ಬರಿಗೆ ಬಿಟ್ಟುಕೊಡುವ ಯೋಚನೆ ಇರುವಾಗ, ಅದೇ ಹೆಸರಿನ ಇನ್ನೊಬ್ಬ ವೈದ್ಯರು ಪಕ್ಕದ ರಸ್ತೆಯಲ್ಲೇ ಇರುವಾಗ. ತಂದೆ ತಾಯಿಯ ಹೆಸರಿಡುವವರೂ ಇದ್ದಾರೆ. ಅದು ಒಳ್ಳೆಯದೇ. ‘ಸ್ಮಾರಕ’, ‘ಮೆಮೋರಿಯಲ್’ ಎಂಬುದನ್ನು ಮಾತ್ರ ಬಿಡಿ ಎನ್ನುತ್ತೇನೆ. ಚಿಕಿತ್ಸೆಗೆಂದು ಬಾಗಿಲಿಗೆ ಬಂದವರಿಗೆ ಮೊದಲು ಕಾಣುವುದು ಸಾವಿನ ನೆನಪಾಗಬಾರದು.

2. ವೈದ್ಯರ ಕೈಯಲ್ಲಿರುವುದನ್ನು ಹೇಳಿ, ಫಲವನ್ನು ಹೇಳಬೇಡಿ

ಹೊರವಲಯದ ಒಂದು ಬಡಾವಣೆಯಲ್ಲಿ ಕ್ಲಿನಿಕ್ ತೆರೆದ ದಂಪತಿಯ ಕತೆ ಇಲ್ಲಿಂದ ಮುಂದೆ ಜೊತೆಗೇ ಬರುತ್ತದೆ. ಗಂಡ ಜನರಲ್ ಮೆಡಿಸಿನ್‌ನಲ್ಲಿ ಎಂಡಿ ಮಾಡಿದವರು, ಹೆಂಡತಿ ಎಂಬಿಬಿಎಸ್ ಮುಗಿಸಿ ಮನೆಮಂದಿಯ ಸಾಮಾನ್ಯ ಕಾಯಿಲೆಗಳನ್ನು ನೋಡುವವರು. ಬಡಾವಣೆಯಲ್ಲಿ ನಿವೃತ್ತರು ಹೆಚ್ಚು, ಸಕ್ಕರೆ ಕಾಯಿಲೆಯವರು ಮನೆಗೊಬ್ಬರು. ಅವರು ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿದ್ದ ಹೆಸರು ‘ಮಧುಮುಕ್ತಿ ಡಯಾಬಿಟಿಸ್ ಕ್ಲಿನಿಕ್’.

ಹೆಸರು ಕಿವಿಗೆ ಇಂಪಾಗಿತ್ತು, ಬರೆದರೆ ಅಕ್ಷರಗಳೂ ದುಂಡಗೆ ಚೆನ್ನಾಗಿ ಕೂರುತ್ತಿದ್ದವು. ಕಾಗದದಲ್ಲಿ ಪ್ರಿಂಟು ತೆಗೆದು ಮೇಜಿನ ಮೇಲೆ ಹರಡಿದೆವು. ಮೊಮ್ಮಗನ ಮದುವೆಯ ಫ್ಲೆಕ್ಸಿಗೆಂದು ಬಂದು ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ಏರಿಸಿಕೊಂಡು ಓದಿ, ವೈದ್ಯರನ್ನೇ ಕೇಳಿದರು: “ಹಂಗಾದ್ರೆ ನಿಮ್ಮತ್ರ ತೋರಿಸ್ಕೊಂಡ್ರೆ ಈ ಮಾತ್ರೆ ಎಲ್ಲ ಬಿಡಬಹುದಾ ಡಾಕ್ಟ್ರೇ? ಎಷ್ಟು ತಿಂಗಳು ಬೇಕಾಗುತ್ತೆ?” ವೈದ್ಯರು ತಾಳ್ಮೆಯಿಂದ ವಿವರಿಸಿದರು. ಸಕ್ಕರೆಯನ್ನು ಹತೋಟಿಯಲ್ಲಿಡಬಹುದು, ಕೆಲವರಲ್ಲಿ ತೂಕ ಚೆನ್ನಾಗಿ ಇಳಿದರೆ ಮಾತ್ರೆ ಇಲ್ಲದೆಯೂ ಸ್ವಲ್ಪ ಕಾಲ ಸರಿಯಾಗಿರಬಹುದು, ಆದರೂ ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ, ತಾವಾಗಿ ಮಾತ್ರೆ ನಿಲ್ಲಿಸಿದರೆ ಕಣ್ಣಿಗೆ, ಮೂತ್ರಪಿಂಡಕ್ಕೆ ಪೆಟ್ಟು ಎಂದರು. ಮೇಷ್ಟ್ರು ತಲೆಯಾಡಿಸಿದರು. ವೈದ್ಯರ ಹೆಂಡತಿ ಗಂಡನ ಕಡೆ ತಿರುಗಿ, “ಈ ಹೆಸರು ಇಟ್ರೆ ದಿನಾ ಇದನ್ನೇ ಹೇಳ್ತಾ ಕೂತ್ಕೋಬೇಕು ರೀ” ಎಂದರು. ಅಲ್ಲಿಗೆ ‘ಮಧುಮುಕ್ತಿ’ ಬಿತ್ತು.

ಈ ಪಾಠದ ಹಿಂದೆ ಕಾನೂನೂ ಇದೆ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಕೆಲವು ಕಾಯಿಲೆಗಳನ್ನು ಪಟ್ಟಿ ಮಾಡಿ, ಇವನ್ನು ವಾಸಿ ಮಾಡುತ್ತದೆ ಎಂದು ಯಾವ ಔಷಧಿಯ ಜಾಹೀರಾತನ್ನೂ ಕೊಡಬಾರದು ಎನ್ನುತ್ತದೆ. ಆ ಪಟ್ಟಿಯಲ್ಲಿ ಮಧುಮೇಹ ಇದೆ, ಕ್ಯಾನ್ಸರ್ ಇದೆ, ರಕ್ತದೊತ್ತಡ, ಮೂರ್ಛೆರೋಗ, ಬೊಜ್ಜು ಇವೆ. ಅದೇ ಕಾಯ್ದೆ, ನೋಂದಾಯಿತ ವೈದ್ಯರು ತಮ್ಮ ಜಾಗದಲ್ಲಿ ‘ಇಂಥ ಕಾಯಿಲೆಗೆ ಇಲ್ಲಿ ಚಿಕಿತ್ಸೆ ಕೊಡಲಾಗುತ್ತದೆ’ ಎಂದು ಬೋರ್ಡು ಹಾಕಲು ವಿನಾಯಿತಿ ಕೊಡುತ್ತದೆ. ಚಿಕಿತ್ಸೆ ಕೊಡುವುದು ವೈದ್ಯರ ಕೈಯಲ್ಲಿದೆ, ವಾಸಿಯಾಗುವುದು ಅವರೊಬ್ಬರ ಕೈಯಲ್ಲಿಲ್ಲ. ಕ್ಲಿನಿಕ್ಕಿನ ಹೆಸರಿಗೆ ಈ ಕಾಯ್ದೆ ಎಷ್ಟರ ಮಟ್ಟಿಗೆ ತಗಲುತ್ತದೆ ಎಂಬುದನ್ನು ವಕೀಲರು ಹೇಳಬೇಕು. ಆದರೆ ಅದು ಎಳೆದಿರುವ ಗೆರೆ ಹೆಸರಿಡುವವರಿಗೂ ಸರಿಯಾದ ಗೆರೆ.

ಆ ಗೆರೆಯನ್ನು ಹಿಡಿದು ಹೋದರೆ ಹೆಸರುಗಳು ಬೇಗ ಬೇರೆಬೇರೆಯಾಗುತ್ತವೆ. ಮುಕ್ತಿ, ಜಯ, ನಿರಾಮಯ, ಅಮೃತ, ಕ್ಯೂರ್, ಮಿರಾಕಲ್ ಇವೆಲ್ಲ ಫಲವನ್ನು ಹೇಳುತ್ತವೆ. ಆರೈಕೆ, ಶುಶ್ರೂಷೆ, ಸ್ಪಂದನ, ಆಸರೆ ಎನ್ನುವವು ವೈದ್ಯರು ನಡೆದುಕೊಳ್ಳುವ ರೀತಿಯನ್ನು ಹೇಳುತ್ತವೆ. ಮರ, ಕೆರೆ, ಬೀದಿ, ಊರಿನ ಹೆಸರುಗಳು ಜಾಗವನ್ನಷ್ಟೇ ತೋರಿಸುತ್ತವೆ. ಎರಡನೆಯ ಮತ್ತು ಮೂರನೆಯ ಬಗೆಯಲ್ಲೇ ಹುಡುಕಿ ಎಂದು ನಾನು ಬಂದವರಿಗೆಲ್ಲ ಹೇಳುತ್ತೇನೆ. ‘ನೆಮ್ಮದಿ’, ‘ಅಭಯ’ ನಡುವೆ ನಿಲ್ಲುವ ಹೆಸರುಗಳು. ಕೆಮ್ಮು ನೆಗಡಿ ನೋಡುವ ಕ್ಲಿನಿಕ್ಕಿಗೆ ‘ನೆಮ್ಮದಿ’ ಒಪ್ಪುತ್ತದೆ. ಮನೋರೋಗದ ಕ್ಲಿನಿಕ್ಕಿಗೆ ಅದೇ ಹೆಸರಿಟ್ಟರೆ ನೇರ ಭರವಸೆಯಾಗಿಬಿಡುತ್ತದೆ. ಹೆಸರನ್ನು ಒಂದೇ ಇಟ್ಟುಕೊಂಡು ನೋಡಬಾರದು, ಅದರ ಕೆಳಗೆ ಬರುವ ವಿಭಾಗದ ಜೊತೆ ಸೇರಿಸಿಯೇ ಓದಬೇಕು.

3. ಕೆಟ್ಟ ದಿನದಲ್ಲಿ ಓದಿ ನೋಡಿ

ಹೆಸರನ್ನು ಎಲ್ಲರೂ ಉದ್ಘಾಟನೆಯ ಆಮಂತ್ರಣದಲ್ಲಿ ಓದಿಕೊಂಡು ಖುಷಿಪಡುತ್ತಾರೆ. ನಾನು ಅದನ್ನು ಮೂರು ಬೇರೆ ಕಾಗದಗಳ ಮೇಲೆ ಬರೆದು ತೋರಿಸುತ್ತೇನೆ. ಮೊದಲನೆಯದು ಎದೆನೋವೆಂದು ಬಂದ ರೋಗಿಯನ್ನು ಮೆಗ್ಗಾನ್ ಆಸ್ಪತ್ರೆಗೆ ತಕ್ಷಣ ಕಳಿಸುತ್ತಾ ಬರೆದುಕೊಡುವ ಚೀಟಿ. ಎರಡನೆಯದು ವರದಿ ಚೆನ್ನಾಗಿ ಬಂದಿಲ್ಲ ಎಂದು ತಿಳಿಸಬೇಕಾದ ದಿನದ ಲೆಟರ್‌ಹೆಡ್. ಮೂರನೆಯದನ್ನು ಬರೆಯಲು ನನಗೂ ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ: ಅಲ್ಲಿ ತೋರಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರು ತೀರಿಕೊಂಡಾಗ ಮನೆಯವರು ಪಕ್ಕದ ಮನೆಯವರಿಗೆ ಹೇಳುವ ಮಾತು.

ಈಗ ‘ಸಂಜೀವಿನಿ’ಯನ್ನು ಅಲ್ಲಿಟ್ಟು ನೋಡಿ. ಬಿದ್ದ ಲಕ್ಷ್ಮಣನನ್ನು ಎಬ್ಬಿಸಿದ ಮೂಲಿಕೆ ಅದು. ‘ಅಪ್ಪನ್ನ ಸಂಜೀವಿನಿಗೇ ತೋರಿಸ್ತಿದ್ವಿ’ ಎಂದು ಮಗ ಹೇಳುವಾಗ ಆ ಹೆಸರು ಅವನ ನೋವಿನ ಮೇಲೆ ಇನ್ನೊಂದು ಭಾರ ಹಾಕುತ್ತದೆ. ಈ ಹೆಸರು ನಮ್ಮ ರಾಜ್ಯದಲ್ಲಿ ಎಷ್ಟು ಬಳಕೆಯಲ್ಲಿದೆಯೆಂದರೆ ಜ್ವರ, ಗಾಯ ನೋಡುವ ಕ್ಲಿನಿಕ್ಕಿನ ಬೋರ್ಡಿನಲ್ಲಿ ಯಾರೂ ಅದರ ಕತೆಯನ್ನು ನೆನೆಯುವುದಿಲ್ಲ. ಅಲ್ಲಿ ಅಂಥ ತೊಂದರೆಯಿಲ್ಲ ಎಂದೇ ನನ್ನ ಅನಿಸಿಕೆ. ಕ್ಯಾನ್ಸರ್, ಮೂತ್ರಪಿಂಡ, ಹೃದಯದ ಕ್ಲಿನಿಕ್ಕಿಗೆ ಮಾತ್ರ ನಾನು ಅದನ್ನು ಖಡಾಖಂಡಿತವಾಗಿ ಬೇಡ ಎನ್ನುತ್ತೇನೆ. ‘ಧನ್ವಂತರಿ’ಗೆ ಈ ಕಷ್ಟ ಕಡಿಮೆ. ಅದು ವೈದ್ಯನ ಹೆಸರು, ಫಲದ ಹೆಸರಲ್ಲ. ಅದರ ತೊಂದರೆ ಬೇರೆ: ಒಂದೊಂದು ಊರಲ್ಲಿ ಎರಡೆರಡು ಇರುತ್ತವೆ, ಆಯುರ್ವೇದವೋ ಇಂಗ್ಲಿಷ್ ಔಷಧಿಯೋ ತಿಳಿಯುವುದಿಲ್ಲ.

ದಂಪತಿಯ ಪಟ್ಟಿಯಲ್ಲಿ ಎರಡನೆಯ ಹೆಸರು ‘ಆರೋಗ್ಯಸಿರಿ’. ಕೆಟ್ಟ ದಿನದ ಕಾಗದದಲ್ಲಿ ಅದು ನಿಲ್ಲಲಿಲ್ಲ. ಮೂರನೆಯದು ‘ಆರೈಕೆ’. ಅದನ್ನು ಮೂರೂ ಕಾಗದಗಳಲ್ಲಿ ಓದಿದೆವು. ಎಲ್ಲೂ ಸುಳ್ಳಾಗಲಿಲ್ಲ. ವಾಸಿಯಾಗದವರಿಗೂ ಆರೈಕೆ ಸಿಕ್ಕಿರುತ್ತದೆ, ದೊಡ್ಡಾಸ್ಪತ್ರೆಗೆ ಕಳಿಸಿಕೊಡುವುದೂ ಆರೈಕೆಯೇ. ನಾಲ್ಕನೆಯದನ್ನು ವೈದ್ಯರ ಹೆಂಡತಿ ಸ್ವಲ್ಪ ಸಂಕೋಚದಿಂದ ಹೇಳಿದರು. ಕಟ್ಟಡದ ಮುಂದೆ ದೊಡ್ಡದೊಂದು ಹೊಂಗೆ ಮರವಿತ್ತು, ಆಟೋದವರು ಆಗಲೇ ಆ ಜಾಗವನ್ನು ‘ಹೊಂಗೆ ಮರದ ಸ್ಟಾಪು’ ಎನ್ನುತ್ತಿದ್ದರು. ‘ಹೊಂಗೆ ಕ್ಲಿನಿಕ್’ ಎಂದರೆ ಹೇಗೆ? ತಂಪು ನೆರಳೆಂದರೆ ಹೊಂಗೆಯದು ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಹೆಸರು ಯಾರಿಗೂ ಯಾವ ಮಾತನ್ನೂ ಕೊಡುವುದಿಲ್ಲ.

4. ಬಾಯಲ್ಲಿ, ಫೋನಿನಲ್ಲಿ, ಮೊಬೈಲಿನ ನಕ್ಷೆಯಲ್ಲಿ ಆಡಿಸಿ ನೋಡಿ

ಉಳಿದ ಎರಡು ಹೆಸರುಗಳನ್ನು ಮುಂದಿನ ಪರೀಕ್ಷೆಗೆ ಒಡ್ಡಿದೆವು. ರಿಸೆಪ್ಷನ್ನಿಗೆ ನೇಮಿಸಿಕೊಂಡಿದ್ದ ಹುಡುಗಿಯನ್ನು ಕರೆಸಿ, ಪಕ್ಕದ ಕೋಣೆಯಿಂದ ಫೋನು ಮಾಡಿಸಿ, ಅವಳು ಹೆಸರು ಹೇಳುವುದನ್ನು ಈ ಕಡೆಯಿಂದ ಒಬ್ಬರು ಬರೆದುಕೊಂಡರು. “ನಮಸ್ಕಾರ, ಆರೈಕೆ ಕ್ಲಿನಿಕ್” ಎಂದದ್ದು ಒಮ್ಮೆ ‘ಹಾರೈಕೆ’ ಎಂದು ಕೇಳಿಸಿತು. ‘ಹೊಂಗೆ’ ತಪ್ಪಿಲ್ಲದೆ ದಾಟಿತು. ಹೆಸರು ಎರಡು ಮೂರು ಅಕ್ಷರದ್ದಾಗಿದ್ದು ಒತ್ತಕ್ಷರದ ಗುಂಪು ಇಲ್ಲದಿದ್ದರೆ ಹುಷಾರಿಲ್ಲದವರ ಬಾಯಲ್ಲೂ ಸುಲಭವಾಗಿ ಬರುತ್ತದೆ. ‘ಶುಶ್ರೂಷಾ’ ಅರ್ಥದಲ್ಲಿ ತುಂಬ ಒಳ್ಳೆಯ ಹೆಸರು. ಆದರೆ ಅದನ್ನು ತಪ್ಪಿಲ್ಲದೆ ಬರೆದ ಔಷಧಿ ಚೀಟಿ, ಫ್ಲೆಕ್ಸು, ಬಿಲ್ಲು ನೋಡಿದ್ದು ಅಪರೂಪ. ಶ ಮತ್ತು ಷ ಅದಲುಬದಲಾಗುತ್ತವೆ, ದೀರ್ಘ ಹಾರಿಹೋಗುತ್ತದೆ. ತಪ್ಪು ಕಾಗುಣಿತದ ಬೋರ್ಡು ನೋಡಿದವರಿಗೆ ಒಳಗಿನ ಕೆಲಸದ ಮೇಲೂ ಅನುಮಾನ ಬರುವುದು ಸಹಜ.

ಆಮೇಲೆ ಹೆಸರನ್ನು ವಾಕ್ಯದೊಳಗೆ ಕೂರಿಸಬೇಕು. ‘ಆರೈಕೆಗೆ ಹೋಗಿದ್ದೆ’, ‘ಆರೈಕೇಲಿ ತೋರಿಸಿದೆ’ ಸಲೀಸಾಗಿ ಬರುತ್ತವೆ. ‘ಹೊಂಗೆಗೆ ಹೋಗಿದ್ದೆ’ ಎಂದು ಯಾರೂ ಅನ್ನುವುದಿಲ್ಲ, ‘ಹೊಂಗೆ ಕ್ಲಿನಿಕ್ಕಿಗೆ’ ಎಂದೇ ಅನ್ನಬೇಕಾಗುತ್ತದೆ. ಮೊದಲಿಗೆ ಇದು ಕುಂದೆನಿಸಿತು. ಆಮೇಲೆ ಲಾಭವಾಗಿಯೇ ಕಂಡಿತು, ಏಕೆಂದರೆ ಕ್ಲಿನಿಕ್ ಎಂಬ ಮಾತು ಹೆಸರಿನಿಂದ ಉದುರಿಹೋಗುವುದಿಲ್ಲ.

ಮೊಬೈಲಿನಲ್ಲಿ ಹುಡುಕುವಾಗ ಹೆಚ್ಚಿನವರು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ. ನಾಲ್ಕು ಜನರ ಕೈಗೆ ಫೋನು ಕೊಟ್ಟು ‘ಆರೈಕೆ’ ಬರೆಯಿರಿ ಎಂದರೆ Aaraike, Araike, Arike, Aarayke ಎಂದು ನಾಲ್ಕು ಬಗೆ ಬಂತು. ‘ಹೊಂಗೆ’ಗೆ ಎಲ್ಲರೂ Honge ಎಂದೇ ಬರೆದರು. ಕನ್ನಡ ಬಾರದವರು ಅದನ್ನು ‘ಹೊಂಜ್’ ಎಂದು ಓದಬಹುದು, ಆದರೂ ನಕ್ಷೆಯಲ್ಲಿ ಸಿಗುತ್ತದೆ. ಇದೇ ಹೊತ್ತಿನಲ್ಲಿ ಅದೇ ತಾಲ್ಲೂಕಿನಲ್ಲಿ ಆ ಹೆಸರಿನ ಕ್ಲಿನಿಕ್, ಲ್ಯಾಬು, ಮೆಡಿಕಲ್ ಶಾಪು ಇವೆಯೇ ಎಂದು ನೋಡಿಕೊಳ್ಳಬೇಕು. ಟ್ರೇಡ್‌ಮಾರ್ಕ್ ಪಟ್ಟಿಯಲ್ಲಿ ವೈದ್ಯಕೀಯ ಸೇವೆಗಳು 44ನೆಯ ವರ್ಗದಲ್ಲಿ ಬರುತ್ತವೆ, ಅಲ್ಲಿಯೂ ಒಮ್ಮೆ ಹುಡುಕುವುದು ಒಳ್ಳೆಯದು. ಹೆಸರು ಒಂದೇ ಆದರೆ ಒಬ್ಬರ ರಕ್ತ ಪರೀಕ್ಷೆಯ ವರದಿ ಇನ್ನೊಬ್ಬರ ಬಾಗಿಲಿಗೆ ಹೋಗುತ್ತದೆ. ರೋಗಿಗೆ ಅದು ಸಣ್ಣ ತೊಂದರೆಯಲ್ಲ.

5. ಇಲ್ಲದ ಸೌಲಭ್ಯವನ್ನೂ ಹೆಸರು ಹೇಳಬಾರದು

ಗುಣವಾಗುವ ಭರವಸೆಯ ಬಗ್ಗೆ ಎಚ್ಚರವಿರುವವರೂ ಎರಡನೆಯ ಪದದಲ್ಲಿ ಎಡವುತ್ತಾರೆ. ಒಂದು ಕೋಣೆ, ಒಂದು ಪರೀಕ್ಷಾ ಮಂಚ ಇರುವಲ್ಲಿ ‘ಆಸ್ಪತ್ರೆ’ ಎಂದು ಬರೆಸುತ್ತಾರೆ. ಓದಿದವರು ರಾತ್ರಿಯೂ ಬಾಗಿಲು ತೆರೆದಿರುತ್ತದೆ, ಹಾಸಿಗೆ ಇರುತ್ತದೆ ಎಂದುಕೊಂಡು ಬರುತ್ತಾರೆ. ‘ನರ್ಸಿಂಗ್ ಹೋಮ್’, ‘ಪಾಲಿಕ್ಲಿನಿಕ್’, ‘ಸ್ಪೆಷಾಲಿಟಿ’ ಎಲ್ಲಕ್ಕೂ ಅದರದರ ಅರ್ಥವಿದೆ. ಕೆಪಿಎಂಇ ಎಂದು ಎಲ್ಲರೂ ಕರೆಯುವ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿಯಲ್ಲಿ ನೋಂದಣಿಯಾಗುವುದೂ ಸಂಸ್ಥೆ ಯಾವ ಬಗೆಯದೆಂಬುದರ ಮೇಲೆಯೇ. ನೋಂದಣಿಯಲ್ಲಿ ಒಂದು, ಬೋರ್ಡಿನಲ್ಲಿ ಇನ್ನೊಂದು ಇರಬಾರದು.

ಸರ್ಕಾರಿ ಹೆಸರಿನ ನೆರಳೂ ಬೀಳಬಾರದು. ‘ನಮ್ಮ ಕ್ಲಿನಿಕ್’ ಎಂಬುದು ರಾಜ್ಯ ಸರ್ಕಾರ 2022ರ ಡಿಸೆಂಬರಿನಲ್ಲಿ ನಗರಗಳಲ್ಲಿ ಆರಂಭಿಸಿದ ಉಚಿತ ಚಿಕಿತ್ಸೆಯ ಕ್ಲಿನಿಕ್‌ಗಳ ಹೆಸರು. ‘ಆರೋಗ್ಯ ಮಂದಿರ’ ಕೇಂದ್ರ ಸರ್ಕಾರದ ಆಯುಷ್ಮಾನ್ ಯೋಜನೆಯಲ್ಲಿ ಬರುತ್ತದೆ. ‘ಆರೋಗ್ಯ ಕೇಂದ್ರ’ ಎಂದರೆ ಹಳ್ಳಿಯವರಿಗೆ ಪಿಎಚ್‌ಸಿಯೇ. ಇವುಗಳನ್ನು ಹೋಲುವ ಹೆಸರಿಟ್ಟರೆ ಹಣವಿಲ್ಲದೆ ಬಂದವರು ಒಳಗೆ ಕೂತ ಮೇಲೆ ಶುಲ್ಕ ಕೇಳಿಸಿಕೊಂಡು ಎದ್ದುಹೋಗಬೇಕಾಗುತ್ತದೆ. ಅವರಿಗೆ ಆ ಅವಮಾನ ಆಗಬಾರದು.

6. ಹೆಸರು ಸುಮ್ಮನಿರಲಿ, ಕೆಳಗಿನ ಸಾಲು ಮಾತಾಡಲಿ

‘ಹೊಂಗೆ’ಯ ಬಗ್ಗೆ ದಂಪತಿಗೆ ಎರಡು ಆತಂಕಗಳಿದ್ದವು. ಒಂದು, ಹೊಂಗೆ ಎಣ್ಣೆ ಮನೆಮದ್ದಿನಲ್ಲಿ ಬಳಕೆಯಲ್ಲಿರುವುದರಿಂದ ಜನ ಆಯುರ್ವೇದವೆಂದು ತಿಳಿದಾರು. ಇನ್ನೊಂದು, ರಸ್ತೆ ಅಗಲ ಮಾಡುವಾಗ ಮರವೇ ಹೋದರೆ? ಎರಡನೆಯದಕ್ಕೆ ಅವರೇ ಉತ್ತರ ಕಂಡುಕೊಂಡರು: ಮರ ಹೋದರೂ ಸ್ಟಾಪಿನ ಹೆಸರು ಉಳಿಯುತ್ತದೆ, ನಮ್ಮ ಊರುಗಳಲ್ಲಿ ಆಲದ ಮರವಿಲ್ಲದ ಆಲದಮರ ಸ್ಟಾಪುಗಳು ಬೇಕಾದಷ್ಟಿವೆ. ಮೊದಲನೆಯ ಆತಂಕಕ್ಕೆ ಉತ್ತರ ಎರಡನೆಯ ಸಾಲಿನಲ್ಲಿತ್ತು.

ವೈದ್ಯರ ನಡತೆಯ ಬಗ್ಗೆ 2002ರ ಮೆಡಿಕಲ್ ಕೌನ್ಸಿಲ್ ನಿಯಮಾವಳಿ ಈಗಲೂ ಜಾರಿಯಲ್ಲಿದೆ. 2023ರ ಆಗಸ್ಟಿನಲ್ಲಿ ಬಂದ ಹೊಸ ನಿಯಮಗಳನ್ನು ಅದೇ ತಿಂಗಳು ತಡೆಹಿಡಿಯಲಾಯಿತು. 2002ರ ನಿಯಮದ ಪ್ರಕಾರ ವೈದ್ಯರ ಫಲಕ ಅತಿ ದೊಡ್ಡದಾಗಿರಬಾರದು. ಹೆಸರು, ವಿಶ್ವವಿದ್ಯಾಲಯದಿಂದ ಪಡೆದ ಪದವಿ, ಬಿರುದು, ವಿಶೇಷ ವಿಭಾಗ, ಯಾವ ರಾಜ್ಯದ ಕೌನ್ಸಿಲ್ಲಿನಲ್ಲಿ ನೋಂದಣಿ ಎಂಬುದು ಮತ್ತು ಅದರ ಸಂಖ್ಯೆ, ಇಷ್ಟು ಬಿಟ್ಟು ಬೇರೆ ಸಲ್ಲದು. ಔಷಧಿ ಚೀಟಿಗೂ ಇದೇ ಮಾತು. ಈ ನಿಯಮವನ್ನು ತೊಡಕೆಂದು ನೋಡುವವರಿಗೆ ನಾನು ಹೇಳುವುದು, ನಂಬಿಕೆ ಹುಟ್ಟಿಸುವ ಸಾಲು ಅದೇ. ಓದುವವರು ಹುಡುಕುವುದು ಇವರು ಓದಿದವರೇ, ಯಾವ ಹೊತ್ತಿಗೆ ಸಿಗುತ್ತಾರೆ ಎಂಬುದನ್ನು. ‘ಶಾಶ್ವತ ಪರಿಹಾರ’, ‘ನೂರಕ್ಕೆ ನೂರು’ ಎಂಬ ಸಾಲು ಇದ್ದಲ್ಲಿ ಪದವಿಯ ಸಾಲು ಸಣ್ಣದಾಗಿರುವುದನ್ನು ಜನ ಗಮನಿಸುತ್ತಾರೆ.

ಕೊನೆಗೆ ನಿಂತದ್ದು ಹೀಗೆ. ಮೇಲೆ ‘ಹೊಂಗೆ ಕ್ಲಿನಿಕ್’. ಅದರ ಕೆಳಗೆ ‘ಸಾಮಾನ್ಯ ಕಾಯಿಲೆ ಮತ್ತು ಮಧುಮೇಹ ಚಿಕಿತ್ಸೆ’. ಆಮೇಲೆ ಇಬ್ಬರ ಹೆಸರು, ಎಂಬಿಬಿಎಸ್, ಎಂಡಿ ಎಂಬುದು ಹೆಸರಿನಷ್ಟೇ ಸ್ಪಷ್ಟವಾದ ಅಕ್ಷರದಲ್ಲಿ, ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ. ಕೆಪಿಎಂಇ ಸಂಖ್ಯೆ ಮತ್ತು ಸಮಯವನ್ನು ಬಾಗಿಲ ಪಕ್ಕದ ಬೇರೆ ಫಲಕದಲ್ಲಿ ಹಾಕಿದೆವು. ‘ಮಧುಮೇಹ ತಜ್ಞರು’ ಎಂದು ಸೇರಿಸೋಣವೇ ಎಂದು ಕೇಳಿದಾಗ ವೈದ್ಯರೇ ಬೇಡವೆಂದರು. ಅವರ ಪದವಿ ಜನರಲ್ ಮೆಡಿಸಿನ್ನಿನದು.

7. ಕನ್ನಡದಲ್ಲಿ ನೋಡಿ ಒಪ್ಪಿಕೊಳ್ಳಿ, ಆಮೇಲೆ ಇಂಗ್ಲಿಷಿಗೆ ಹೋಗಿ

ಈಗ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಎಂದು 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಇಂಗ್ಲಿಷಿನಲ್ಲಿ ಯೋಚಿಸಿ ತಂದ ‘ಕ್ಯೂರ್‌ವೆಲ್’, ‘ಹೀಲ್‌ಪ್ಲಸ್’ ಕನ್ನಡ ಅಕ್ಷರದಲ್ಲಿ ಒತ್ತು, ಅರ್ಧಾಕ್ಷರಗಳ ಗೋಜಲಾಗಿ ನಿಲ್ಲುತ್ತವೆ. ದೂರದಿಂದ ಓದಲು ಬರುವುದಿಲ್ಲ, ಭರವಸೆಯ ದೋಷ ಬೇರೆ. ಕನ್ನಡದ ಹೆಸರು ಒಪ್ಪವಾದ ಮೇಲೆ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತ ಗೊತ್ತುಮಾಡಿಕೊಂಡರೆ ಸಾಕು.

ಬಣ್ಣದ ವಿಷಯದಲ್ಲಿ ನನ್ನ ಅಂಗಡಿಯಲ್ಲಿ ಆಯ್ಕೆ ಕಡಿಮೆ. ಅಲೋಪಥಿಗೆ ತಿಳಿನೀಲಿ, ಆಯುರ್ವೇದಕ್ಕೆ ಹಸಿರು ಹಿನ್ನೆಲೆ ಎಂದು ಆರೋಗ್ಯ ಇಲಾಖೆ ಹೇಳಿರುವುದರಿಂದ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಒಮ್ಮೆ ಕೇಳಿಕೊಂಡೇ ಶೀಟು ಕತ್ತರಿಸುತ್ತೇವೆ. ‘ಹೊಂಗೆ’ಗೆ ಹಸಿರು ಹಾಕಿಸಬೇಕೆಂಬ ಆಸೆ ದಂಪತಿಗಿತ್ತು. ಹಾಕಿದ್ದರೆ ಆಯುರ್ವೇದವೆಂಬ ಗೊಂದಲ ಎರಡು ಪಟ್ಟಾಗುತ್ತಿತ್ತು. ತಿಳಿನೀಲಿಯ ಮೇಲೆ ಕಡುನೀಲಿ ಅಕ್ಷರ ಬಂತು. ಕೆಂಪು ಪ್ಲಸ್ ಗುರುತು ಹಾಕಿ ಎಂದು ಹೊಸ ವೈದ್ಯರೆಲ್ಲ ಕೇಳುತ್ತಾರೆ. ಬಿಳಿಯ ಮೇಲಿನ ಕೆಂಪು ಶಿಲುಬೆ ರೆಡ್ ಕ್ರಾಸಿನ ಲಾಂಛನ. 1960ರ ಜಿನೀವಾ ಒಪ್ಪಂದಗಳ ಕಾಯ್ದೆಯಂತೆ ಅನುಮತಿಯಿಲ್ಲದೆ ಅದನ್ನು ಬಳಸುವಂತಿಲ್ಲ, ಆದ್ದರಿಂದ ನಾನು ಹಾಕುವುದಿಲ್ಲ.

ಕೊನೆಯ ಕೆಲಸ, ಒಪ್ಪಿದ ಕಾಗುಣಿತವನ್ನು ಒಂದು ಹಾಳೆಯಲ್ಲಿ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರೆದು ವೈದ್ಯರ ಸಹಿ ಹಾಕಿಸಿಕೊಳ್ಳುವುದು. ಕೆಪಿಎಂಇ ಅರ್ಜಿ, ಬ್ಯಾಂಕು ಖಾತೆ, ಔಷಧಿ ಚೀಟಿ, ರಬ್ಬರ್ ಸ್ಟಾಂಪು, ಮೊಬೈಲಿನ ನಕ್ಷೆ, ಪಕ್ಕದ ಲ್ಯಾಬಿನವರ ಪುಸ್ತಕ ಎಲ್ಲಕ್ಕೂ ಆ ಹಾಳೆಯ ಜೆರಾಕ್ಸೇ ಹೋಗಬೇಕು. ಹೊಂಗೆ ಕ್ಲಿನಿಕ್ಕಿನ ಹಾಳೆಯನ್ನು ರಿಸೆಪ್ಷನ್ ಹುಡುಗಿ ತನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾಳೆ.